ರೂಮು ಹನ್ನೆರಡರ ಒಳಗೆ ರೆಡಿಯೋ, ಹನ್ನೆರಡರ ತನಕ ರೆಡಿಯೋ?

ಪ್ರಶ್ನೆ: ನಾನು ಮಲ್ಪೆ ಹತ್ತಿರ ಒಂದು ಹೋಮ್‌ಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿದವಳು. ಅತಿಥಿಗಳಿಗೆ ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಮೆಸೇಜ್ ಹಾಕುವುದೂ ನನ್ನದೇ ಕೆಲಸ. ಇತ್ತೀಚೆಗೆ ಇಂಗ್ಲೆಂಡಿನ ಗಂಡ ಹೆಂಡತಿಗೆ "ಯುವರ್ ರೂಮ್ ವಿಲ್ ಬಿ ರೆಡಿ ಟಿಲ್ 12 ಆನ್ ಮಂಡೇ" ಅಂತ ಕಳಿಸಿದೆ. ಅವರು ತಿಂಡಿಯನ್ನೂ ತಿನ್ನದೆ ಮಂಗಳೂರಿನಿಂದ ಟ್ಯಾಕ್ಸಿ ಹಿಡಿದು ಹತ್ತೂವರೆಗೇ ಬಂದು ನಿಂತರು. ರೂಮು ಇನ್ನೂ ಗುಡಿಸಿರಲಿಲ್ಲ. "ವಿದಿನ್ 12" ಅಂತ ಬರೀಬೇಕಿತ್ತು ಅಂತ ಜೊತೆಯವಳು ಹೇಳುತ್ತಾಳೆ. ಓನರ್ "ಬಿಫೋರ್" ಅಂತಾರೆ, ತಮ್ಮ "ಆಟ್" ಅಂತಾನೆ. ಇನ್, ಆನ್, ಆಟ್ ಟೇಬಲ್ ನನಗೆ ಬಾಯಿಪಾಠ. ಆದರೂ ಯಾಕೆ ತಪ್ಪಾಯಿತು? ಗೇಟಿನ ಬಗ್ಗೆ ಬರೆಯುವಾಗ "ಆಟ್ ನೈಟ್" ಸರಿಯೋ, "ಇನ್ ದ ನೈಟ್" ಸರಿಯೋ? ಚಿಕ್ಕ ಮೆಸೇಜ್‌ನಲ್ಲಿ ಇವನ್ನೆಲ್ಲ ಬಿಟ್ಟೇ ಬರೆದರೆ ಆಗುವುದಿಲ್ಲವಾ?

ಉತ್ತರ: ಆ ಗಂಡ ಹೆಂಡತಿ ಓಡಿ ಬಂದದ್ದರಲ್ಲಿ ಅವರ ತಪ್ಪು ಏನೂ ಇಲ್ಲ. ಇಂಗ್ಲಿಷ್ ಮನೆಮಾತಾದವರು "ರೆಡಿ ಟಿಲ್ 12" ಅಂತ ಓದಿದರೆ, ರೂಮು ಹನ್ನೆರಡು ಗಂಟೆಯ ತನಕ ರೆಡಿ ಇರುತ್ತದೆ, ಆಮೇಲೆ ಇರುವುದಿಲ್ಲ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ತಡ ಮಾಡಿದರೆ ಬೇರೆಯವರಿಗೆ ಕೊಟ್ಟುಬಿಡುತ್ತಾರೇನೋ ಅನ್ನುವ ಹೆದರಿಕೆ ಅವರಿಗೆ. ಮಂಗಳೂರಿನಿಂದ ನಿಮ್ಮಲ್ಲಿಗೆ ಸುಮಾರು 60 ಕಿಲೋಮೀಟರ್. ಅಷ್ಟು ದೂರವನ್ನು ಅವರು ಖಾಲಿ ಹೊಟ್ಟೆಯಲ್ಲಿ ಬಂದದ್ದು ಆ ಒಂದು "ಟಿಲ್" ನಂಬಿ.

ಮಂಗಳೂರಿನಲ್ಲಿ ಆಸ್ಪತ್ರೆ ರಿಸೆಪ್ಷನ್, ಬಟ್ಟೆ ಅಂಗಡಿ, ಟ್ರಾವೆಲ್ಸ್ ಆಫೀಸ್ ಇಂಥ ಕಡೆ ಕೆಲಸ ಮಾಡುವವರಿಗೆ ನಾನು ಇಂಗ್ಲಿಷ್ ಬರವಣಿಗೆ ಹೇಳಿಕೊಡುತ್ತೇನೆ. ಅವರು ಕಳಿಸಿದ ಮೆಸೇಜ್‌ಗಳನ್ನೇ ಎದುರಿಗೆ ಇಟ್ಟುಕೊಂಡು ಪಾಠ ಮಾಡುವುದು. ಅದರಲ್ಲಿ ನನಗೆ ಖಚಿತವಾದ ಒಂದು ವಿಷಯ ಉಂಟು. "ಇನ್ ಮಂಡೇ" ಅಂತ ತಪ್ಪು ಬರೆದರೂ ಯಾರೂ ದಾರಿ ತಪ್ಪುವುದಿಲ್ಲ. ಸೋಮವಾರ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಓದುವವರು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾರೆ. "ಬೈ" ಇರಬೇಕಾದ ಕಡೆ "ಟಿಲ್" ಬಂದರೆ ಮಾತ್ರ ಯಾರಿಗೂ ತಿದ್ದಿಕೊಳ್ಳಲಿಕ್ಕೆ ಆಗುವುದಿಲ್ಲ. ಯಾಕೆಂದರೆ ಆ ವಾಕ್ಯ ತಪ್ಪಾಗಿ ಕಾಣುವುದೇ ಇಲ್ಲ. ಅದಕ್ಕೆ ಅದರದ್ದೇ ಆದ, ಸರಿಯಾದ, ಬೇರೆ ಅರ್ಥ ಇರುತ್ತದೆ. ನಿಮ್ಮಲ್ಲಿ ಆದದ್ದು ಇದೇ. ಹಾಗಾಗಿ ಈ ಜೋಡಿಯನ್ನು ಮೊದಲು ಸರಿ ಮಾಡಿಕೊಳ್ಳೋಣ. ಉಳಿದದ್ದು ಆಮೇಲೆ.

ನೀವು ಬಾಯಿಪಾಠ ಮಾಡಿದ ಟೇಬಲ್ ಯಾಕೆ ಕೈಕೊಟ್ಟಿತು ಅಂದರೆ, ಆ ಟೇಬಲ್‌ನಲ್ಲಿ ಈ ಜೋಡಿ ಇಲ್ಲವೇ ಇಲ್ಲ. ದೊಡ್ಡ ಕಾಲಕ್ಕೆ ಇನ್, ದಿನಕ್ಕೆ ಆನ್, ಗಂಟೆಗೆ ಆಟ್, ಇಷ್ಟೇ ಅದು ಹೇಳುವುದು. ಈ ಮೂರೂ ಒಂದು ಕೆಲಸ ಯಾವಾಗ ಆಗುತ್ತದೆ ಅಂತ ತೋರಿಸುವ ಶಬ್ದಗಳು. ಗಡುವು ಯಾವುದು, ಎಲ್ಲಿಯ ತನಕ ಅನ್ನುವುದು ಬೇರೆ ಪ್ರಶ್ನೆ. ಟೇಬಲ್ ಎಷ್ಟೇ ಬಾಯಿಪಾಠ ಇದ್ದರೂ ಅದಕ್ಕೆ ಉತ್ತರ ಅಲ್ಲಿ ಸಿಗುವುದಿಲ್ಲ.

ಅದಕ್ಕೆ ಉತ್ತರ ನಿಮ್ಮ ಕನ್ನಡದಲ್ಲೇ ಉಂಟು. ಅದೇ ವಾಕ್ಯವನ್ನು ನಿಮ್ಮ ಜೊತೆಯವಳಿಗೆ ಬಾಯಲ್ಲಿ ಹೇಳುವುದಾದರೆ ಹೇಗೆ ಹೇಳುತ್ತೀರಿ? "ಹನ್ನೆರಡು ಗಂಟೆಯೊಳಗೆ ರೂಮು ರೆಡಿ ಆಗ್ತದೆ" ಅಥವಾ "ಹನ್ನೆರಡು ಗಂಟೆ ಹೊತ್ತಿಗೆ ರೆಡಿ ಆಗ್ತದೆ" ಅಂತೀರಿ. "ಹನ್ನೆರಡು ಗಂಟೆಯ ತನಕ ರೆಡಿ ಆಗ್ತದೆ" ಅಂತ ನಿಮ್ಮ ಬಾಯಿಂದ ಬರುವುದೇ ಇಲ್ಲ. ಬಂದರೂ ಕೇಳುವವಳು ಏನೋ ಎಡವಿತು ಅಂತ ಮುಖ ನೋಡುತ್ತಾಳೆ. ಒಳಗೆ, ಹೊತ್ತಿಗೆ ಅಂತ ಬಂದರೆ ಇಂಗ್ಲಿಷಿನಲ್ಲಿ "ಬೈ". ವರೆಗೆ, ತನಕ ಅಂತ ಬಂದರೆ "ಟಿಲ್". ತುಳುವಿನಲ್ಲಿ ಯೋಚನೆ ಮಾಡುವವರಾದರೆ "ಮುಟ್ಟ" ಅಂತ ಬಂದ ಕಡೆ "ಟಿಲ್" ಇಡಿ.

ಕನ್ನಡದಲ್ಲಿ ಇಷ್ಟು ಸ್ಪಷ್ಟ ಇದ್ದರೂ "ಟಿಲ್" ಎಲ್ಲಿಂದ ನುಸುಳಿತು? ಮುಖ್ಯವಾಗಿ ಹಿಂದಿಯಿಂದ ಅಂತ ನನ್ನ ಅನುಭವ. ಹಿಂದಿಯಲ್ಲಿ "ಶಾಮ್ ತಕ್ ಹೋ ಜಾಯೇಗಾ" ಅಂದರೆ ಸಂಜೆಯೊಳಗೆ ಆಗುತ್ತದೆ. "ಶಾಮ್ ತಕ್ ರುಕೋ" ಅಂದರೆ ಸಂಜೆಯ ತನಕ ಇರು. ಎರಡಕ್ಕೂ ಒಂದೇ "ತಕ್". ಆ ಭಾಷೆಯವರು ಇಂಗ್ಲಿಷ್ ಬರೆಯುವಾಗ ಎರಡಕ್ಕೂ "ಟಿಲ್" ಹಾಕಿಬಿಡುತ್ತಾರೆ. "ವಿಲ್ ಸೆಂಡ್ ಟಿಲ್ ಈವ್ನಿಂಗ್" ಅನ್ನುವಂಥ ಮೆಸೇಜ್ ಆಫೀಸುಗಳಲ್ಲಿ ದಿನವೂ ಓಡಾಡುತ್ತದೆ. ಅದನ್ನೇ ನೋಡಿ ನೋಡಿ ನಮ್ಮ ಕೈಗೂ ರೂಢಿಯಾಗುತ್ತದೆ. ದೆಹಲಿಯ ಅತಿಥಿಗೆ ನೀವು ಇದೇ ಮೆಸೇಜ್ ಹಾಕಿದ್ದರೆ ಬಹುಶಃ ಏನೂ ಎಡವಟ್ಟು ಆಗುತ್ತಿರಲಿಲ್ಲ. ಜರ್ಮನಿಯವರೂ ಎಷ್ಟೋ ಸಲ ಸರಿಯಾಗಿಯೇ ಊಹಿಸುತ್ತಾರೆ, ಅವರ ಭಾಷೆಯಲ್ಲೂ "ಬಿಸ್" ಅನ್ನುವ ಒಂದೇ ಶಬ್ದ ಈ ಎರಡೂ ಕೆಲಸ ಮಾಡುತ್ತದೆ. ಇಂಗ್ಲೆಂಡಿನವರಿಗೆ ಆ ಅಭ್ಯಾಸ ಇಲ್ಲ. ಅದಕ್ಕೇ ಇಷ್ಟು ದಿನ ಗೊತ್ತಾಗದ ತಪ್ಪು ಇವರ ಕೈಯಲ್ಲಿ ಗೊತ್ತಾಯಿತು.

ಕನ್ನಡದಲ್ಲಿ ಹೇಳಿ ನೋಡಿದರೂ ಅನುಮಾನ ಉಳಿದರೆ ಕ್ರಿಯಾಪದ ನೋಡಿ. ಕಳಿಸುವುದು, ತಲುಪುವುದು, ಕಟ್ಟುವುದು, ಮುಗಿಸುವುದು ಒಂದು ಕ್ಷಣದಲ್ಲಿ ಆಗಿ ಮುಗಿಯುವ ಕೆಲಸಗಳು. ಅಡ್ವಾನ್ಸ್ ಒಮ್ಮೆ ಕಟ್ಟಿದರೆ ಆಯಿತು, ಸಂಜೆಯ ತನಕ ಕಟ್ಟುತ್ತಾ ಇರುವುದಿಲ್ಲ. ಇವುಗಳಿಗೆ ಗಡುವು ಹೇಳುವಾಗ "ಬೈ" ಬೇಕು. ಕಾಯುವುದು, ಉಳಿಯುವುದು, ತೆರೆದಿರುವುದು, ಇಟ್ಟುಕೊಳ್ಳುವುದು ಎಳೆದುಕೊಂಡು ಹೋಗುವ ಕೆಲಸಗಳು. ಇವುಗಳಿಗೆ "ಟಿಲ್". "ಪ್ಲೀಸ್ ಪೇ ಬೈ 5 ಪಿಎಂ, ವಿ ವಿಲ್ ಹೋಲ್ಡ್ ದ ರೂಮ್ ಟಿಲ್ 6 ಪಿಎಂ" ಅಂತ ಒಂದೇ ಮೆಸೇಜ್‌ನಲ್ಲಿ ಎರಡೂ ಬರಬಹುದು. ಐದರೊಳಗೆ ಕಟ್ಟಿ, ಆರರ ತನಕ ರೂಮು ಹಿಡಿದಿಡುತ್ತೇವೆ.

ನಿಮ್ಮ "ರೆಡಿ" ಅನ್ನುವ ಶಬ್ದ ಯಾಕೆ ಮೋಸ ಮಾಡಿತು ಅಂತ ಈಗ ಗೊತ್ತಾಗುತ್ತದೆ. "ರೆಡಿ" ಎರಡೂ ಕಡೆ ವಾಲುತ್ತದೆ. ರೆಡಿ ಆಗುವುದು ಒಂದು ಕ್ಷಣದ ಕೆಲಸ, ರೆಡಿ ಇರುವುದು ಎಳೆದುಕೊಂಡು ಹೋಗುವ ಸ್ಥಿತಿ. ಕನ್ನಡದಲ್ಲಿ ಆಗುವುದು, ಇರುವುದು ಅಂತ ಎರಡು ಬೇರೆ ಕ್ರಿಯಾಪದ ಉಂಟು. ಇಂಗ್ಲಿಷಿನಲ್ಲಿ ಎರಡಕ್ಕೂ "ವಿಲ್ ಬಿ ರೆಡಿ" ಅಂತಲೇ ಬರೆಯುತ್ತಾರೆ. ಯಾವ ಅರ್ಥ ಅಂತ ಹೇಳುವ ಕೆಲಸ ಪೂರ್ತಿ ಆ ಪುಟ್ಟ ಶಬ್ದದ ಮೇಲೆ ಬೀಳುತ್ತದೆ. "ಓಪನ್", "ಅವೈಲೆಬಲ್" ಶಬ್ದಗಳಲ್ಲೂ ಇದೇ ಅಪಾಯ. ಈ ಮೂರು ಬಂದ ಕಡೆ ಒಮ್ಮೆ ನಿಂತು ಓದಿ.

ಈಗ ನಿಮ್ಮ ಸುತ್ತಲಿನವರು ಕೊಟ್ಟ ಸಲಹೆಗಳಿಗೆ ಬರೋಣ.

ಜೊತೆಯವಳು ಹೇಳಿದ "ವಿದಿನ್ 12" ನಮ್ಮ ಊರಿನದ್ದೇ ತಪ್ಪು. ಇದಕ್ಕೆ ಹಿಂದಿಯನ್ನು ದೂರುವ ಹಾಗಿಲ್ಲ. ಕನ್ನಡದ "ಒಳಗೆ" ತುಂಬ ಉದಾರಿ. ಹನ್ನೆರಡು ಗಂಟೆಯೊಳಗೆ, ಎರಡು ಗಂಟೆಯೊಳಗೆ, ಎರಡೂ ಸರಿ. ಮೊದಲನೆಯದು ಗಡಿಯಾರದ ಒಂದು ಗೆರೆ. ಎರಡನೆಯದು ಮಧ್ಯಾಹ್ನದ ಎರಡು ಗಂಟೆಯೂ ಆಗಬಹುದು, ಇಲ್ಲಿಂದ ಮುಂದೆ ಎರಡು ತಾಸು ಅಂತಲೂ ಆಗಬಹುದು. ಇಂಗ್ಲಿಷಿನಲ್ಲಿ "ವಿದಿನ್" ಪ್ರಮಾಣಕ್ಕೆ ಮಾತ್ರ. ಎರಡು ತಾಸು, ಐದು ದಿನ, ಒಂದು ವಾರ ಹೀಗೆ ಅಳತೆ ಇರಬೇಕು. ಗಡಿಯಾರದ ಗಂಟೆಗೆ, ವಾರದ ಹೆಸರಿಗೆ ಅದು ಸೇರುವುದಿಲ್ಲ. "ವಿದಿನ್ 12" ಅಂತ ಬರೆದರೆ ಓದುವವರು ಹನ್ನೆರಡು ತಾಸಿನೊಳಗೆ ಅಂತ ತಿಳಿಯಬಹುದು. ಬೆಳಿಗ್ಗೆ ಒಂಬತ್ತಕ್ಕೆ ಆ ಮೆಸೇಜ್ ಹೋದರೆ, ರಾತ್ರಿ ಒಂಬತ್ತರೊಳಗೆ ರೂಮು ಸಿಗುತ್ತದೆ ಅಂತ ಅವರ ಲೆಕ್ಕ! ಆಕೆಯ "ವಿದಿನ್" ಸರಿಯಾಗಿ ಕೂರುವ ಜಾಗ ಬೇರೆ ಉಂಟು. ಬುಕಿಂಗ್ ಕ್ಯಾನ್ಸಲ್ ಆದಾಗ "ಯುವರ್ ರಿಫಂಡ್ ವಿಲ್ ರೀಚ್ ಯು ವಿದಿನ್ 5 ಡೇಸ್" ಅಂತ ಬರೆಯಿರಿ. ಅಲ್ಲಿ "ಇನ್ 5 ಡೇಸ್" ಅಂತ ಹಾಕುವುದಕ್ಕಿಂತ ಇದು ಒಳ್ಳೆಯದು. ನಮ್ಮ "ಐದು ದಿನದಲ್ಲಿ" ಅಂದರೆ ನಾಳೆಯೂ ಬರಬಹುದು, ಐದನೇ ದಿನವೂ ಬರಬಹುದು. ಇಂಗ್ಲಿಷಿನ "ಇನ್ 5 ಡೇಸ್" ಮಾತ್ರ ಹೆಚ್ಚಾಗಿ ಐದು ದಿನ ಕಳೆದ ಮೇಲೆ ಅನ್ನುವ ಕಡೆಗೆ ವಾಲುತ್ತದೆ.

ಓನರ್ ಹೇಳಿದ "ಬಿಫೋರ್ 12" ತಪ್ಪಲ್ಲ. ಹನ್ನೆರಡಕ್ಕೆ ಮೊದಲೇ ರೆಡಿ ಅಂತ ಅರ್ಥ. ಅಂದರೆ ನೀವು ಸ್ವಲ್ಪ ಜಾಸ್ತಿಯೇ ಮಾತು ಕೊಟ್ಟ ಹಾಗೆ. ಹನ್ನೊಂದೂವರೆಗೆ ಬಂದವರು "ಬಿಫೋರ್ 12 ಅಂದಿದ್ದಿರಲ್ಲ" ಅಂತ ಕೇಳಿದರೆ ನೀವು ಮಾತಾಡುವ ಹಾಗಿಲ್ಲ. ತಮ್ಮನ "ಆಟ್ 12" ಅಂದರೆ ಸರಿಯಾಗಿ ಹನ್ನೆರಡಕ್ಕೆ. ವ್ಯಾಕರಣ ಸರಿ, ಆದರೆ ಚಾದರ, ಬಾತ್ರೂಮ್, ನೆಲ ಎಲ್ಲ ಒಬ್ಬರೇ ಮಾಡುವ ಜಾಗದಲ್ಲಿ ಗಡಿಯಾರ ನೋಡಿ ಹನ್ನೆರಡಕ್ಕೆ ಮುಗಿಸುತ್ತೇವೆ ಅನ್ನುವುದು ಕಷ್ಟ. "ಬೈ 12" ಅಂದರೆ ಹನ್ನೆರಡಕ್ಕೆ ಅಥವಾ ಅದಕ್ಕಿಂತ ಮೊದಲು, ಆಮೇಲೆ ಮಾತ್ರ ಇಲ್ಲ. ಇಲ್ಲೊಂದು ಎಚ್ಚರಿಕೆ. ನಮ್ಮ "ಹನ್ನೆರಡು ಗಂಟೆ ಹೊತ್ತಿಗೆ" ಹತ್ತು ನಿಮಿಷ ಆಚೆ ಈಚೆ ಹೋದರೂ ಯಾರೂ ಕೇಳುವುದಿಲ್ಲ. "ಬೈ" ಅಷ್ಟು ಸಡಿಲ ಅಲ್ಲ. ಆಚೆ ಈಚೆ ಆಗಬಹುದು ಅಂತಿದ್ದರೆ "ಅರೌಂಡ್ 12" ಅಂತಲೇ ಬರೆಯಿರಿ.

ಇಷ್ಟೆಲ್ಲ ಆದ ಮೇಲೆ, ನಾನಾಗಿದ್ದರೆ ಆ ಮೆಸೇಜ್‌ನಲ್ಲಿ ಈ ನಾಲ್ಕರಲ್ಲಿ ಯಾವುದನ್ನೂ ಹಾಕುತ್ತಿರಲಿಲ್ಲ. ಅತಿಥಿಗೆ ಬೇಕಾದದ್ದು ನಾವು ಯಾವಾಗ ಬರಬಹುದು ಅಂತ. ನಿಮ್ಮ ಗುಡಿಸುವ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದು ಅವರಿಗೆ ಬೇಕಾಗಿಲ್ಲ. ಹನ್ನೆರಡರಿಂದ ಮುಂದೆ ಯಾವಾಗ ಬೇಕಾದರೂ ಬನ್ನಿ ಅಂತ ಹೇಳಲಿಕ್ಕೆ "ಫ್ರಮ್" ಉಂಟು.

"ಯು ಕ್ಯಾನ್ ಚೆಕ್ ಇನ್ ಫ್ರಮ್ 12 ನೂನ್ ಆನ್ ಮಂಡೇ."

ಇದನ್ನು ಓದಿದ ಯಾರೂ ಓಡಿ ಬರುವುದಿಲ್ಲ. ಆರಾಮವಾಗಿ ತಿಂಡಿ ತಿಂದು ಬರುತ್ತಾರೆ. "ಬೈ" ಬೇಕಾಗುವುದು ಚೆಕ್ ಔಟ್‌ಗೆ, "ಪ್ಲೀಸ್ ಚೆಕ್ ಔಟ್ ಬೈ 10". ಬರುವುದಕ್ಕೆ ಫ್ರಮ್, ಹೋಗುವುದಕ್ಕೆ ಬೈ ಅಂತ ಇಟ್ಟುಕೊಂಡರೆ ಹೋಮ್‌ಸ್ಟೇಯ ಮೆಸೇಜ್‌ಗಳಲ್ಲಿ ಹೆಚ್ಚಿನವು ಅಲ್ಲಿಗೇ ಸರಿಯಾಗುತ್ತವೆ.

"ಬೈ ಈವ್ನಿಂಗ್" ಬಗ್ಗೆಯೂ ಒಂದು ಮಾತು. ವ್ಯಾಕರಣದಲ್ಲಿ ಏನೂ ದೋಷ ಇಲ್ಲ. ಆದರೆ ಸಂಜೆ ಯಾವಾಗ ಶುರು? ನಮ್ಮಲ್ಲಿ ನಾಲ್ಕು ಗಂಟೆಯ ಚಹಾ ಸಂಜೆಯ ಚಹಾ. ಶಾಲೆ ಬಿಟ್ಟ ಹೊತ್ತೇ ಸಂಜೆ. ಇಂಗ್ಲೆಂಡಿನವರಿಗೆ ನಾಲ್ಕು ಗಂಟೆ ಇನ್ನೂ "ಆಫ್ಟರ್‌ನೂನ್". ನೀವು ನಾಲ್ಕರ ಲೆಕ್ಕದಲ್ಲಿ "ಬೈ ಈವ್ನಿಂಗ್" ಅಂತ ಅಡ್ವಾನ್ಸ್ ಕೇಳಿದರೆ ಅವರು ಏಳಕ್ಕೆ ಕಳಿಸಿ ಸಮಯಕ್ಕೇ ಕಳಿಸಿದೆವು ಅಂದುಕೊಳ್ಳುತ್ತಾರೆ. ದುಡ್ಡಿನ ವಿಷಯ, ವಾಹನದ ವಿಷಯ ಇದ್ದಲ್ಲಿ "ಬೈ 5 ಪಿಎಂ" ಅಂತ ಅಂಕಿ ಹಾಕಿ. ಕನ್ನಡದ "ಸಂಜೆಗೆ" ಇನ್ನೂ ಗೊಂದಲದ್ದು. "ಸಂಜೆಗೆ ಕೊಡ್ತೇನೆ" ಅಂದರೆ ಸಂಜೆಯೊಳಗೆ ಅಂತಲೂ ಆಗುತ್ತದೆ, ಸಂಜೆ ಹೊತ್ತಿನಲ್ಲಿ ಅಂತಲೂ ಆಗುತ್ತದೆ. ಓನರ್ ನಿಮಗೆ "ಸಂಜೆಗೆ ಅಂತ ಮೆಸೇಜ್ ಹಾಕು" ಅಂದರೆ, ಬರೆಯುವ ಮೊದಲು ಎಷ್ಟು ಗಂಟೆ ಅಂತ ಅವರನ್ನೇ ಕೇಳಿ.

"ಟಿಲ್" ಸರಿಯಾದ ಕಡೆ ಬಂದಾಗಲೂ ಒಂದು ಗುಂಡಿ ಉಂಟು. ನಮ್ಮಲ್ಲಿ "ಸೋಮವಾರದವರೆಗೆ ರಜೆ" ಅಂದರೆ ಸೋಮವಾರವೂ ರಜೆ. ಇಂಗ್ಲಿಷಿನಲ್ಲಿ "ಕ್ಲೋಸ್ಡ್ ಟಿಲ್ ಮಂಡೇ" ಅಂದರೆ ತುಂಬ ಜನ ಸೋಮವಾರ ಬಾಗಿಲು ತೆರೆಯುತ್ತದೆ ಅಂತ ತಿಳಿಯುತ್ತಾರೆ. ಅಮೆರಿಕದವರು ಸೋಮವಾರವನ್ನೂ ಸೇರಿಸಬೇಕಾದರೆ "ಥ್ರೂ ಮಂಡೇ" ಅಂತಾರೆ. ನಿಮಗೆ ಅಷ್ಟೆಲ್ಲ ತಲೆಬಿಸಿ ಬೇಡ. ಮುಚ್ಚುವ ಕೊನೆಯ ದಿನ ಹೇಳುವ ಬದಲು ತೆರೆಯುವ ದಿನ ಹೇಳಿ: "ವಿ ಓಪನ್ ಅಗೇನ್ ಆನ್ ಟ್ಯೂಸ್‌ಡೇ". ಗೊಂದಲಕ್ಕೆ ಜಾಗವೇ ಇಲ್ಲ. ಅಂದ ಹಾಗೆ "ಟಿಲ್" ಬರೀಬಾರದು, "ಅಂಟಿಲ್" ಮಾತ್ರ ಸರಿ ಅಂತ ಶಾಲೆಯಲ್ಲಿ ಹೇಳಿರಬಹುದು. ಅದು ಬರೀ ನಂಬಿಕೆ. ಎರಡೂ ಸರಿ. ಇಂಗ್ಲಿಷಿನಲ್ಲಿ "ಟಿಲ್" ಅನ್ನುವುದೇ ಹೆಚ್ಚು ಹಳೆಯ ಶಬ್ದ.

ಇನ್ನು ಆ ಟೇಬಲ್. ಅದು ಪ್ರಯೋಜನಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಮಲ್ಪೆಯಲ್ಲೇ ಇರುವ ನಿಮಗೆ ಒಂದು ಉದಾಹರಣೆ ಸಾಕು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಇದನ್ನು ಅತಿಥಿಗೆ ಬರೆಯುವುದಾದರೆ, ತಿಂಗಳು ಮಾತ್ರ ಹೇಳುವಾಗ "ಇನ್ ಜೂನ್". ತಾರೀಕು ಸೇರಿದ ಕೂಡಲೇ "ಆನ್", ಅಂದರೆ "ದ ಬ್ಯಾನ್ ಬಿಗಿನ್ಸ್ ಆನ್ 1 ಜೂನ್". ಕೊನೆ ಹೇಳುವಾಗ "ಟಿಲ್ 31 ಜುಲೈ". ಇಲ್ಲಿ ಕನ್ನಡ ಸಹಾಯ ಮಾಡುವುದಿಲ್ಲ. ನಾವು "ಜೂನ್‌ನಲ್ಲಿ" ಅಂತ ಪ್ರತ್ಯಯ ಹಚ್ಚುತ್ತೇವೆ, "ಐದು ಗಂಟೆಗೆ" ಅಂತ ಇನ್ನೊಂದು ಹಚ್ಚುತ್ತೇವೆ. ಸೋಮವಾರ, ಬೆಳಿಗ್ಗೆ, ರಾತ್ರಿ ಇವಕ್ಕೆ ಏನೂ ಹಚ್ಚುವುದಿಲ್ಲ, "ಸೋಮವಾರ ರಾತ್ರಿ ಬರ್ತೇನೆ" ಅಂತ ಸುಮ್ನೆ ಹೇಳುತ್ತೇವೆ. ಏನೂ ಇಲ್ಲದ ಕಡೆ ಇಂಗ್ಲಿಷಿಗೆ ಏನು ಹಾಕಬೇಕು ಅಂತ ಊಹಿಸುವಾಗಲೇ ಕೈ ತಪ್ಪುವುದು.

ಟೇಬಲ್ ಹೇಳದ ಒಂದು ಸಂಗತಿ ನೆನಪಿಟ್ಟರೆ ಸಾಕು. ವಾರದ ಹೆಸರೋ ತಾರೀಕೋ ಬಂದರೆ ಅದರ ಮಾತೇ ನಡೆಯುತ್ತದೆ. "ಇನ್ ದ ಮಾರ್ನಿಂಗ್" ಸರಿ. ಸೋಮವಾರ ಸೇರಿದರೆ "ಆನ್ ಮಂಡೇ ಮಾರ್ನಿಂಗ್". "ಆಟ್ ನೈಟ್" ಸರಿ. ಸೋಮವಾರ ಸೇರಿದರೆ "ಆನ್ ಮಂಡೇ ನೈಟ್". ಮೊಂತಿ ಫೆಸ್ಟ್ ದಿನ ಬೆಳಿಗ್ಗೆ ಬನ್ನಿ ಅಂತ ಯಾರನ್ನಾದರೂ ಕರೆಯುವಾಗ "ಆನ್ ದ ಮಾರ್ನಿಂಗ್ ಆಫ್ 8 ಸೆಪ್ಟೆಂಬರ್". ಮುಂದೆ ಎಷ್ಟು ಶಬ್ದ ಇದ್ದರೂ ದಿನ ಒಂದು ಗೊತ್ತಾಯಿತು ಅಂದರೆ "ಆನ್".

ಬಿಟ್ಟೇ ಬರೆಯಬಹುದಾ ಅಂತ ಕೇಳಿದಿರಿ. "ಆನ್" ಬಿಡಬಹುದು. "ಸೀ ಯು ಮಂಡೇ" ಅಂತ ಇಂಗ್ಲಿಷಿನವರೇ ಬರೆಯುತ್ತಾರೆ, ಅಮೆರಿಕದವರಂತೂ ಜಾಸ್ತಿ. ಬೈ, ಟಿಲ್, ಫ್ರಮ್ ಮಾತ್ರ ಯಾವತ್ತೂ ಬಿಡಬೇಡಿ. "ರೂಮ್ ರೆಡಿ 12", "ಪೇಮೆಂಟ್ ಮಂಡೇ" ಅಂತ ಬರೆದರೆ ಓದುವವರು ತಮಗೆ ಬೇಕಾದದ್ದನ್ನು ತುಂಬಿಕೊಳ್ಳುತ್ತಾರೆ. ಕೆಲವು ಕಡೆ ಮಾತ್ರ ಬಿಡಲೇಬೇಕು. ಟುಡೇ, ಟುಮಾರೋ, ಟುನೈಟ್ ಇವುಗಳ ಹಿಂದೆ, ದಿಸ್, ನೆಕ್ಸ್ಟ್, ಲಾಸ್ಟ್ ಬಂದ ಕಡೆ "ಆನ್" ಬೇಡ. "ಆನ್ ಟುಮಾರೋ", "ಆನ್ ನೆಕ್ಸ್ಟ್ ಮಂಡೇ" ಅನ್ನುವುದು ನಮ್ಮಲ್ಲಿ ತುಂಬ ಕಾಣುತ್ತದೆ. ಹಾನಿ ಏನಿಲ್ಲ, ಆದರೆ ಬೇಡದ ಶಬ್ದ. ಅದಕ್ಕಿಂತ "ನೆಕ್ಸ್ಟ್ ಮಂಡೇ" ಅಂದರೆ ಬರುವ ಸೋಮವಾರವೋ ಅದರಾಚೆಯ ಸೋಮವಾರವೋ ಅನ್ನುವ ತಕರಾರು ದೊಡ್ಡದು. ತಾರೀಕು ಹಾಕಿಬಿಡಿ.

ಈಗ ರಾತ್ರಿಯ ಮಾತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ಇಂಗ್ಲಿಷಿನಲ್ಲಿ "ಇನ್ ದ". ರಾತ್ರಿಗೆ ಮಾತ್ರ "ಆಟ್", ಅದೂ "ದ" ಇಲ್ಲದೆ. ದಿನದ ಈ ನಾಲ್ಕು ಹೊತ್ತಿನಲ್ಲಿ ರಾತ್ರಿಗೆ ಬೇರೆ ದಾರಿ. ಅದನ್ನು ಹಾಗೇ ನೆನಪಿಡಬೇಕು. "ಇನ್ ದ ನೈಟ್" ಕೂಡ ಇಂಗ್ಲಿಷಿನಲ್ಲಿ ಉಂಟು. ಒಂದು ನಿರ್ದಿಷ್ಟ ರಾತ್ರಿಯ ನಡುವೆ ಏನೋ ಆಯಿತು ಅನ್ನುವಾಗ ಅದು ಬರುತ್ತದೆ: "ದ ಪವರ್ ವೆಂಟ್ ಆಫ್ ಇನ್ ದ ನೈಟ್". ರಾತ್ರಿ ನಡುವೆ ಯಾವಾಗಲೋ ಕರೆಂಟ್ ಹೋಯಿತು ಅಂತ. ನಿಮ್ಮ ಗೇಟಿನದ್ದು ದಿನವೂ ನಡೆಯುವ ಸಂಗತಿ, ಹಾಗಾಗಿ "ವಿ ಲಾಕ್ ದ ಗೇಟ್ ಆಟ್ ನೈಟ್". ಗಂಟೆ ಹೇಳುವುದಾದರೆ "ವಿ ಲಾಕ್ ದ ಗೇಟ್ ಆಟ್ 10.30 ಪಿಎಂ" ಅಂದರೆ ಮುಗಿಯಿತು. ಪಿಎಂ ಇದ್ದ ಮೇಲೆ ರಾತ್ರಿ ಅಂತ ಮತ್ತೆ ಹೇಳಬೇಕಾಗಿಲ್ಲ.

ಗೇಟಿಗಿಂತ ನನಗೆ ಜಾಸ್ತಿ ಹೆದರಿಕೆ ಇರುವುದು ನಡುರಾತ್ರಿಯ ಬಸ್ಸಿನ ಬಗ್ಗೆ. ಇದು ನನಗೇ ಆದ ಕಥೆ. ಒಮ್ಮೆ ಬೆಂಗಳೂರಿಗೆ ಹೋಗಲಿಕ್ಕೆ ರಾತ್ರಿ 12.20ರ ಬಸ್ಸಿಗೆ ಸೀಟು ಹೇಳಿದ್ದೆ. ಏಜೆಂಟರ ಮೆಸೇಜ್‌ನಲ್ಲಿ "ಬಸ್ ಆಟ್ 12.20 ಆನ್ ಮಂಡೇ" ಅಂತ ಇತ್ತು. ಸೋಮವಾರ ರಾತ್ರಿ ಊಟ ಮುಗಿಸಿ, ಬ್ಯಾಗ್ ಹಿಡಿದು ಹನ್ನೆರಡಕ್ಕೆ ಸ್ಟಾಪಿನಲ್ಲಿ ನಿಂತೆ. ಫೋನ್ ಮಾಡಿದರೆ, ನಿಮ್ಮ ಬಸ್ಸು ನಿನ್ನೆಯೇ ಹೋಯಿತಲ್ಲ ಅಂದರು. ಅವರು ಬರೆದದ್ದು ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಇಂಗ್ಲಿಷ್ ಕ್ಯಾಲೆಂಡರಿನ ಸೋಮವಾರ ಶುರುವಾಗುವುದು ಭಾನುವಾರ ನಡುರಾತ್ರಿ ಹನ್ನೆರಡಕ್ಕೆ. ಸೋಮವಾರದ 12.20 ಅಂದರೆ ನಾವು ಭಾನುವಾರ ರಾತ್ರಿ ಅನ್ನುವ ಹೊತ್ತು.

ನಮ್ಮ ಮನಸ್ಸಿನಲ್ಲಿ ದಿನ ಬದಲಾಗುವುದು ನಡುರಾತ್ರಿಗಲ್ಲ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಶನಿವಾರ ರಾತ್ರಿ ಶುರುವಾದ ಯಕ್ಷಗಾನ ಬೆಳಗಿನ ತನಕ ನಡೆದರೂ ಅದನ್ನು ಶನಿವಾರದ ಆಟ ಅಂತಲೇ ಹೇಳುತ್ತೇವೆ. ರಾತ್ರಿ ಎರಡು ಗಂಟೆಗೆ ರಂಗಸ್ಥಳದ ಎದುರು ಕುಳಿತವರಲ್ಲಿ ಯಾರಿಗೂ ಇದು ಭಾನುವಾರ ಅಂತ ಅನ್ನಿಸುವುದಿಲ್ಲ, ಅಲ್ವಾ? ಹಾಗಾಗಿ ಹನ್ನೆರಡರಿಂದ ಬೆಳಗಿನ ನಾಲ್ಕೈದರ ನಡುವಿನ ಹೊತ್ತಿಗೆ "ಆನ್ ಮಂಡೇ" ಅಂತ ಒಂದೇ ದಿನ ಬರೆದರೆ ಸಾಲದು. ನಡುರಾತ್ರಿ ದಾಟಿ ಬಸ್ಸು ಹತ್ತುವ ಅತಿಥಿಗೆ ಎರಡು ದಿನದ ಹೆಸರನ್ನೂ ಬರೆಯಿರಿ:

"ಯುವರ್ ಬಸ್ ಲೀವ್ಸ್ ಆಟ್ 12.20 ಎಎಂ ಆನ್ ಟ್ಯೂಸ್‌ಡೇ. ಪ್ಲೀಸ್ ಲೀವ್ ದ ರೂಮ್ ಬೈ 11.30 ಪಿಎಂ ಆನ್ ಮಂಡೇ."

ಮೊದಲನೆಯ ವಾಕ್ಯ ಟಿಕೆಟಿನ ಜೊತೆ ತಾಳೆಯಾಗುತ್ತದೆ. ಎರಡನೆಯದು ಅವರು ಯಾವ ರಾತ್ರಿ ಬ್ಯಾಗ್ ಕಟ್ಟಬೇಕು ಅಂತ ಹೇಳುತ್ತದೆ. ಬರೀ "12" ಅಂತ ಬಿಡಬೇಡಿ. ಹಗಲಾದರೆ "12 ನೂನ್", ರಾತ್ರಿಯಾದರೆ "12 ಮಿಡ್‌ನೈಟ್". ಹನ್ನೆರಡರ ಜೊತೆ ಎಎಂ, ಪಿಎಂ ಹಾಕಿದರೆ ಯಾವುದು ಯಾವುದು ಅಂತ ಇಂಗ್ಲಿಷಿನವರಿಗೇ ಅನುಮಾನ ಬರುತ್ತದೆ. ನಿಮ್ಮ ಮೊದಲ ಮೆಸೇಜ್‌ನಲ್ಲೂ ಆ "12" ಒಂಟಿಯಾಗಿ ಇತ್ತು ನೋಡಿ.

ಈ ಬಸ್ಸಿನ ಮೆಸೇಜ್ ಹಾಕುವ ರಾತ್ರಿ ನಿಮ್ಮ ಗೇಟಿಗೆ 10.30ಕ್ಕೆ ಬೀಗ ಬಿದ್ದಿರುತ್ತದೆ. ಹಾಗಾಗಿ ಅದೇ ಮೆಸೇಜ್‌ಗೆ ಇನ್ನೊಂದು ಸಾಲು ಸೇರಿಸಿ: "ವಿ ವಿಲ್ ಕೀಪ್ ದ ಗೇಟ್ ಓಪನ್ ಟಿಲ್ ಯು ಲೀವ್." ಇಲ್ಲಿ "ಟಿಲ್" ಬಿಟ್ಟು ಬೇರೆ ಯಾವುದೂ ಆಗುವುದಿಲ್ಲ. ನೀವು ಹೋಗುವ ತನಕ ತೆರೆದಿಡುತ್ತೇವೆ ಅಂತ ತಾನೇ ನೀವು ಬಾಯಲ್ಲಿ ಹೇಳುವುದು.